ಡಿಕ್ಷನರಿ ಮುಚ್ಚಿಟ್ಟು ಇಂಗ್ಲಿಷ್ ಕಥೆ ಓದುವುದು: ಗ್ರೇಡೆಡ್ ರೀಡರ್ ಹಿಡಿಯುವ ಬಗೆ, ಗೊತ್ತಿಲ್ಲದ ಪದ ಊಹಿಸುವ ಬಗೆ

ಕಳೆದ ವರ್ಷ ದಸರಾ ರಜೆಗೆ ತಿಪಟೂರಿಂದ ಚಿಕ್ಕಮ್ಮನ ಮಗಳು ನಮ್ಮ ಮನೆಗೆ ಬಂದಿದ್ದಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಈಗ ಬಿ.ಕಾಂ ಎರಡನೇ ವರ್ಷ. ಬ್ಯಾಗಿನಲ್ಲಿ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇತ್ತು. ತೆರೆದು ನೋಡಿದರೆ ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ. ಮೂರು ವಾರಕ್ಕೆ 11 ಪುಟ ಆಗಿತ್ತು.

"ಕಥೆ ಏನೇ?" ಅಂತ ಕೇಳಿದೆ.

"ಅಕ್ಕಾ, ಯಾವ ಪದ ಬೇಕಾದ್ರೂ ಕೇಳು, ಅರ್ಥ ಹೇಳ್ತೀನಿ. ಕಥೆ ಮಾತ್ರ ಕೇಳಬೇಡ."

ನಾನೂ ಕಾಲೇಜಿನಲ್ಲಿ ಹೀಗೇ ಓದುತ್ತಿದ್ದೆ. ಇದರಲ್ಲಿ ಶ್ರಮಕ್ಕೆ ಏನೂ ಕೊರತೆ ಇಲ್ಲ, ಪುಸ್ತಕದ ಆಯ್ಕೆ ತಪ್ಪು, ಅಷ್ಟೇ. ಗೊತ್ತಿಲ್ಲದ ಪದವನ್ನು ಸುತ್ತಲಿನ ಮಾತಿನಿಂದ ಊಹಿಸಿ ಅಂತ ಎಲ್ಲ ಮೇಷ್ಟ್ರೂ ಹೇಳುತ್ತಾರೆ. ಸುತ್ತಲಿನ ಮಾತೇ ಗೊತ್ತಿಲ್ಲದಿದ್ದರೆ ಯಾವುದರಿಂದ ಊಹಿಸುವುದು? ಆದ್ದರಿಂದ ಊಹೆಯ ವಿಷಯಕ್ಕೆ ಹೋಗುವ ಮುಂಚೆ ಪುಸ್ತಕದ ವಿಷಯ ಮುಗಿಸಬೇಕು.

## ನೂರಕ್ಕೆ ಎರಡು

ಒಂದು ಆಟ ನೋಡಿ. ಕೆಳಗಿನ ಸಾಲಿನಲ್ಲಿ ಒಂದು ಪದ ನಾನೇ ಸುಮ್ನೆ ಹುಟ್ಟಿಸಿದ್ದು.

"ಗೌಡರು ಸಂತೆಯಲ್ಲಿ ಎರಡು ಎತ್ತು ಕೊಂಡರು. ಮನೆಗೆ ಬರುವಾಗ ಒಂದು ಎತ್ತು ದಾರಿಯಲ್ಲೇ ಮುಲಕಿತು. ಎಷ್ಟು ಎಳೆದರೂ ಏಳಲಿಲ್ಲ."

ಮುಲಕಿತು ಅಂದರೆ ಏನು? ಕುಳಿತುಬಿಟ್ಟಿತು, ಇಲ್ಲವೇ ಮಲಗಿಬಿಟ್ಟಿತು. ಒಂದು ಕ್ಷಣವೂ ಬೇಕಾಗಲಿಲ್ಲ ಅಲ್ವಾ? ಈಗ ಇದನ್ನು ಓದಿ.

"ಗೌಡರು ದೊಂಬುಲಿಯಲ್ಲಿ ಎರಡು ಬೊಡುಗ ಕೊಂಡರು. ಮನೆಗೆ ಬರುವಾಗ ಒಂದು ಬೊಡುಗ ಸರ್ಪಲದಲ್ಲೇ ಮುಲಕಿತು. ಎಷ್ಟು ಜಬಿಸಿದರೂ ತೊರಬಲಿಲ್ಲ."

ಪದ ಅದೇ, ಜಾಗವೂ ಅದೇ. ಆದರೆ ಈಗ ಅದು ಮುರಿದುಹೋಯಿತೋ, ಬಿದ್ದುಹೋಯಿತೋ, ಮಾಯವಾಯಿತೋ ಗೊತ್ತಾಗುವುದಿಲ್ಲ. ನಿಮ್ಮ ಬುದ್ಧಿ ಎರಡು ನಿಮಿಷದಲ್ಲಿ ಕಮ್ಮಿಯಾಗಲಿಲ್ಲ. ಪಕ್ಕದಲ್ಲಿದ್ದ ದೀಪಗಳು ಆರಿಹೋದವು.

2000ದಲ್ಲಿ ಮಾರ್ಸೆಲಾ ಹು ಮತ್ತು ಪಾಲ್ ನೇಷನ್ ಅನ್ನುವ ಭಾಷಾ ಸಂಶೋಧಕರು ಇದೇ ಆಟವನ್ನು ಸಂಶೋಧನೆಯಾಗಿ ಮಾಡಿದರು. ಒಂದು ಕಥೆಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಪದಗಳನ್ನು ತೆಗೆದು, ಅರ್ಥವಿಲ್ಲದ ಪದಗಳನ್ನು ಕೂರಿಸಿ ಓದಲು ಕೊಟ್ಟರು. ನೂರರಲ್ಲಿ 80 ಪದ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಹಿಡಿಸಲಿಲ್ಲ. 90 ಮತ್ತು 95ರಲ್ಲಿ ಕೆಲವರಿಗೆ ಹಿಡಿಸಿತು. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಲು ನೂರಕ್ಕೆ 98 ಗೊತ್ತಿರಬೇಕು ಅನ್ನುವ ಲೆಕ್ಕ ಅಲ್ಲಿಂದ ಬಂತು.

95ಕ್ಕೂ 98ಕ್ಕೂ ಮೂರೇ ವ್ಯತ್ಯಾಸ ಅನ್ನಿಸುತ್ತದೆ. ಪುಟದಲ್ಲಿ ಅದು ಹಾಗೆ ಕಾಣುವುದಿಲ್ಲ. 98 ಅಂದರೆ 50 ಪದಕ್ಕೊಂದು ಹೊಸ ಪದ, ಅಂದರೆ ಐದು ಸಾಲಿಗೊಮ್ಮೆ ಒಂದು ಕಲ್ಲು. 95 ಅಂದರೆ 20ಕ್ಕೊಂದು, ಎರಡು ಸಾಲಿಗೊಮ್ಮೆ ಕಲ್ಲು. 90 ಆದರೆ ಪ್ರತಿ ಸಾಲಿನಲ್ಲೂ ಕಲ್ಲು. ಅನ್ನದಲ್ಲಿ ಅಷ್ಟು ಕಲ್ಲು ಸಿಕ್ಕರೆ ತಟ್ಟೆ ಬಿಟ್ಟು ಏಳುತ್ತೇವೆ. ಪುಸ್ತಕದಲ್ಲಿ ಸಿಕ್ಕರೆ ಮಾತ್ರ ನಮ್ಮನ್ನೇ ಬೈದುಕೊಳ್ಳುತ್ತೇವೆ.

## ಗ್ರೇಡೆಡ್ ರೀಡರ್ ಅಂದರೆ ಯಾವುದು, ಯಾವುದಲ್ಲ

ಕಲ್ಲುಗಳನ್ನು ದೂರ ದೂರ ಇಟ್ಟು ಬರೆದ ಪುಸ್ತಕವೇ ಗ್ರೇಡೆಡ್ ರೀಡರ್. ಈ ಯೋಚನೆಗೆ ನಮ್ಮ ಉಪಖಂಡದ ನಂಟೂ ಇದೆ. 1920ರ ದಶಕದಲ್ಲಿ ಮೈಕೆಲ್ ವೆಸ್ಟ್ ಅನ್ನುವ ಇಂಗ್ಲಿಷ್ ಶಿಕ್ಷಣಾಧಿಕಾರಿ ಅವಿಭಜಿತ ಬಂಗಾಳದ ಢಾಕಾದಲ್ಲಿದ್ದರು. ಅಲ್ಲಿನ ಮಕ್ಕಳ ಪಠ್ಯದಲ್ಲಿ ಹೊಸ ಪದಗಳು ಒಂದರ ಮೇಲೊಂದು ಬೀಳುವುದನ್ನು ನೋಡಿದರು. ಅಪರೂಪದ ಪದ ತೆಗೆದು ಬಳಕೆಯ ಪದ ಹಾಕಿದರು. ಒಮ್ಮೆ ಬಂದ ಹೊಸ ಪದ ಮತ್ತೆ ಮತ್ತೆ ಬರುವ ಹಾಗೆ ಪಾಠಗಳನ್ನು ಬರೆದರು. ಮುಂದೆ 1953ರಲ್ಲಿ ಅವರೇ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿಯೊಂದನ್ನು ಜನರಲ್ ಸರ್ವೀಸ್ ಲಿಸ್ಟ್ ಅಂತ ಹೊರತಂದರು. ಈಗಿನ ರೀಡರುಗಳೆಲ್ಲ ಆ ದಾರಿಯಲ್ಲೇ ನಡೆದು ಬಂದವು.

ಕವರಿನ ಮೇಲೋ ಹಿಂಬದಿಯಲ್ಲೋ ಮಟ್ಟ ಬರೆದಿರುತ್ತದೆ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿಯಲ್ಲಿ 1ನೇ ಮಟ್ಟಕ್ಕೆ 400 ಪದ, 2ಕ್ಕೆ 700, 3ಕ್ಕೆ 1000, 4ಕ್ಕೆ 1400, 5ಕ್ಕೆ 1800, 6ಕ್ಕೆ 2500. ಇದು ಕಥೆಯ ಉದ್ದವಲ್ಲ, ಕಥೆಯಲ್ಲಿ ಬಳಸುವ ಬೇರೆ ಬೇರೆ ಪದಗಳ ಲೆಕ್ಕ. ಇಲ್ಲಿ ಪದ ಅಂದರೆ ಮೂಲಪದ. ಗೋ, ವೆಂಟ್, ಗೋಯಿಂಗ್ ಮೂರೂ ಸೇರಿ ಒಂದೇ ಲೆಕ್ಕ. ಬೇರೆ ಪ್ರಕಾಶಕರ ಅಳತೆ ಬೇರೆ. ಕೇಂಬ್ರಿಜ್ ಇಂಗ್ಲಿಷ್ ರೀಡರ್ಸ್‌ನಲ್ಲಿ 3ನೇ ಮಟ್ಟ ಅಂದರೆ 1300 ಪದ. ಹಾಗಾಗಿ ಕವರಿನ 3 ನೋಡಿ ಮೋಸ ಹೋಗಬೇಡಿ, ಪದಗಳ ಸಂಖ್ಯೆ ನೋಡಿ.

ಎರಡು ಬಗೆಯ ಪುಸ್ತಕ ಗ್ರೇಡೆಡ್ ರೀಡರಿನ ವೇಷದಲ್ಲಿ ಬರುತ್ತವೆ. ಒಂದು, ಫುಟ್‌ಪಾತಿನಲ್ಲಿ ಸಿಗುವ ಅಬ್ರಿಜ್ಡ್ ಕ್ಲಾಸಿಕ್. ಅದರಲ್ಲಿ ಪುಟ ಕಡಿಮೆ ಮಾಡಿರುತ್ತಾರೆ, ಪದ ಸುಲಭ ಮಾಡಿರುವುದಿಲ್ಲ. ಇನ್ನೊಂದು, ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಬರೆದ ಚಿತ್ರಪುಸ್ತಕ. ಐದು ವರ್ಷದ ಆ ಮಗುವಿಗೆ ಸಾವಿರಾರು ಪದ ಆಗಲೇ ಗೊತ್ತಿರುತ್ತದೆ. ನಮ್ಮ ಬಿ.ಕಾಂ ಹುಡುಗಿಗೆ ಆಡಿಟ್ ಗೊತ್ತು, ಬ್ಯಾಲೆನ್ಸ್ ಶೀಟ್ ಗೊತ್ತು. ಮುಳ್ಳುಹಂದಿಗೂ ಗೊದಮೊಟ್ಟೆಗೂ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಗೊತ್ತಿಲ್ಲ.

## ಹೆಜ್ಜೆ 1: ಮಟ್ಟ ಹುಡುಕುವುದು

ಇದಕ್ಕೆ ಹತ್ತು ನಿಮಿಷ ಸಾಕು. ಪುಸ್ತಕದ ಮೊದಲ ಪುಟ ಬೇಡ, ನಡುವೆ ಎಲ್ಲಾದರೂ ತೆರೆಯಿರಿ. 200 ಪದ ಎಣಿಸಿ ಗುರುತು ಹಾಕಿ. ಓದುತ್ತಾ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಲ್ಲಿ ಚುಕ್ಕೆ ಇಡಿ. ಮನುಷ್ಯರ ಹೆಸರು, ಊರ ಹೆಸರು ಲೆಕ್ಕಕ್ಕಿಲ್ಲ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಚುಕ್ಕೆ ಇದ್ದರೆ ಪುಸ್ತಕ ನಿಮ್ಮದು.

ನಮ್ಮ ಹುಡುಗಿಗೆ ಮೂರು ಪುಸ್ತಕ ಕೊಟ್ಟೆ. 1400 ಪದದ ಪುಸ್ತಕದಲ್ಲಿ 17 ಚುಕ್ಕೆ ಬಿದ್ದವು. 1000 ಪದದ್ದರಲ್ಲಿ 9. 700 ಪದದ್ದರಲ್ಲಿ 3. ಲೆಕ್ಕ ಹಾಕಿದರೆ ಮೊದಲನೆಯದು ನೂರಕ್ಕೆ ಸುಮಾರು 91, ಎರಡನೆಯದು 95ರ ಹತ್ತಿರ, ಮೂರನೆಯದು 98 ದಾಟಿದೆ. ಅವಳು ಮಾತ್ರ ಮೊದಲನೆಯದಕ್ಕೇ ಕೈ ಚಾಚಿದಳು.

"ಇದು ಏಳನೇ ಕ್ಲಾಸಿನ ಮಕ್ಕಳದ್ದು ಅಕ್ಕಾ. ನಾಚಿಕೆ ಆಗುತ್ತೆ" ಅಂದಳು, ಮೂರನೆಯದನ್ನು ಪಕ್ಕಕ್ಕೆ ತಳ್ಳಿ.

ಚುಕ್ಕೆಗಳ ಜೊತೆ ಇನ್ನೊಂದು ಪರೀಕ್ಷೆ ಬೇಕಾಗುವುದು ಇಲ್ಲೇ. ಒಂದು ಪದ ನೋಡಿದ್ದೇವೆ ಅನ್ನುವುದಕ್ಕೂ ಅದು ಗೊತ್ತು ಅನ್ನುವುದಕ್ಕೂ ವ್ಯತ್ಯಾಸ ಇದೆ. ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಏನಾಯಿತು ಅಂತ ಕನ್ನಡದಲ್ಲಿ ಹೇಳಿಸಿ. 1400ರ ಪುಸ್ತಕದಿಂದ ಅವಳು ಹೇಳಿದ್ದು "ಒಬ್ಬ ಬರ್ತಾನೆ, ಏನೋ ಜಗಳ ಆಗುತ್ತೆ" ಅಂತ. 700ರದ್ದರಿಂದ ಯಾರು ಬಂದರು, ಯಾಕೆ ಬಂದರು, ಯಾರಿಗೆ ಸಿಟ್ಟು ಬಂತು, ಎಲ್ಲ ಹೇಳಿದಳು. ಹೇಳಿ ಮುಗಿಸಿದ ಮೇಲೆ ಅವಳೇ ಆ ಪುಸ್ತಕ ಎತ್ತಿಕೊಂಡಳು.

ಎರಡು ಮಟ್ಟದ ನಡುವೆ ಗೊಂದಲ ಆದರೆ ಕೆಳಗಿನದನ್ನೇ ಹಿಡಿಯಿರಿ. ಸುಲಭವಾದರೆ ಮೂರು ದಿನದಲ್ಲಿ ಮುಗಿದು ಮೇಲಕ್ಕೆ ಹೋಗುತ್ತೀರಿ. ಕಷ್ಟವಾದರೆ ಆ ಪುಸ್ತಕ ಮುಗಿಯುವುದೇ ಇಲ್ಲ.

## ಹೆಜ್ಜೆ 2: ದಿನಕ್ಕೆ 20 ನಿಮಿಷ, ಡಿಕ್ಷನರಿ ಇನ್ನೊಂದು ರೂಮಿನಲ್ಲಿ

ಜಪಾನಿನಲ್ಲಿ ಹೀಗೆ ಓದುವುದಕ್ಕೆ ತದೊಕು ಅನ್ನುತ್ತಾರೆ. ಜಾಸ್ತಿ ಓದು ಅಂತ ಅರ್ಥ. ಅಲ್ಲಿನ ನಿಯಮ ಮೂರೇ: ಡಿಕ್ಷನರಿ ನೋಡಬೇಡ, ಗೊತ್ತಾಗದ್ದನ್ನು ಹಾರಿಸು, ಬೇಜಾರಾದರೆ ಪುಸ್ತಕ ಬಿಡು. ಮೂರನೆಯದು ನಮಗೆ ಕಷ್ಟ. ದುಡ್ಡು ಕೊಟ್ಟ ಪುಸ್ತಕ ಅರ್ಧಕ್ಕೆ ಬಿಡುವುದು ಅಂದರೆ ತಟ್ಟೆಯಲ್ಲಿ ಅನ್ನ ಬಿಟ್ಟ ಹಾಗೆ ಅನ್ನಿಸುತ್ತದೆ. ಬಿಡಿ ಪರವಾಗಿಲ್ಲ. ಬೇಜಾರಿನ ಪುಸ್ತಕ ನಿಮ್ಮನ್ನು ಹದಿನೈದು ದಿನ ಓದಿನಿಂದಲೇ ದೂರ ಇಡುತ್ತದೆ. ಲೈಬ್ರರಿಯದ್ದೋ, ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಸಿಗುವ ಸೆಕೆಂಡ್ ಹ್ಯಾಂಡ್ ಪ್ರತಿಯೋ ಆದರೆ ಬಿಡುವ ನೋವು ಕಡಿಮೆ.

ಪುಸ್ತಕಗಳು ಚಿಕ್ಕವೇ. 400 ಪದದ ಮಟ್ಟದ ಕಥೆ ಸಾಮಾನ್ಯವಾಗಿ ಐದಾರು ಸಾವಿರ ಪದದ್ದು. ದಿನಕ್ಕೆ 20 ನಿಮಿಷ ಓದಿದರೆ ವಾರಕ್ಕೊಂದು ಪುಸ್ತಕ ಧಾರಾಳವಾಗಿ ಮುಗಿಯುತ್ತದೆ.

ಜೋರಾಗಿ ಓದಬೇಡಿ. ಬಾಯಿ ಉಚ್ಚಾರಣೆಯ ಕಡೆ ಹೋದರೆ ಕಥೆ ಕೈಬಿಡುತ್ತದೆ. ಇದಕ್ಕಿಂತ ದೊಡ್ಡ ತೊಂದರೆ, ಕನ್ನಡ ಮೀಡಿಯಂನಿಂದ ಬಂದವರಲ್ಲಿ ನಾನು ಬಹಳ ಕಂಡದ್ದು, ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುವುದು. ಇದು ಹೊರಗೆ ಕಾಣುವುದಿಲ್ಲ. ವೇಗ ನೋಡಿದರೆ ಗೊತ್ತಾಗುತ್ತದೆ.

ವೇಗ ಅಳೆಯುವುದು ಸುಲಭ. ಮೂರ್ನಾಲ್ಕು ಸಾಲಿನ ಪದ ಎಣಿಸಿ ಸರಾಸರಿ ತೆಗೆಯಿರಿ. ಸಾಲಿಗೆ 9 ಪದ, ಪುಟಕ್ಕೆ 25 ಸಾಲು ಅಂದುಕೊಳ್ಳಿ. ಪುಟಕ್ಕೆ 225 ಪದ ಆಯಿತು. ಹತ್ತು ನಿಮಿಷದಲ್ಲಿ ನಾಲ್ಕು ಪುಟ ಓದಿದರೆ 900 ಪದ, ಅಂದರೆ ನಿಮಿಷಕ್ಕೆ 90. ನಮ್ಮ ಹುಡುಗಿಯದ್ದು ಮೊದಲ ವಾರ ನಿಮಿಷಕ್ಕೆ 60ರ ಆಸುಪಾಸು ಇತ್ತು, ಪದಗಳು ಗೊತ್ತಿದ್ದರೂ. ಕಾರಣ ಅನುವಾದ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ನಮ್ಮಲ್ಲಿ ಕೊನೆಗೆ. ಅನುವಾದ ಮಾಡುವವರ ಕಣ್ಣು ಸಾಲಿನ ಕೊನೆಗೆ ಹೋಗಿ ಮತ್ತೆ ನಡುವಿಗೆ ಬರುತ್ತದೆ. ಪ್ರತಿ ಸಾಲಿಗೂ ಹೋಗಿ ಬರುವ ಖರ್ಚು.

ಅವಳಿಗೆ ಮಾಡಿಸಿದ್ದು ಇಷ್ಟೇ. ಒಂದು ಮಟ್ಟ ಕೆಳಗಿಳಿದು, 400 ಪದದ ಎರಡು ಪುಸ್ತಕ ಓದಿಸಿದೆ. ಅದರಲ್ಲಿ ಒಂದನ್ನು ಎರಡನೇ ಸಲ ಓದಿಸಿದೆ. ಎರಡನೇ ಓದಿನಲ್ಲಿ ಕಥೆ ಗೊತ್ತಿರುವುದರಿಂದ ಅನುವಾದದ ಅಗತ್ಯವೇ ಬೀಳುವುದಿಲ್ಲ, ಕಣ್ಣು ಮುಂದಕ್ಕೇ ಓಡುತ್ತದೆ. ಅಲ್ಲಿ ಅವಳ ವೇಗ 100 ದಾಟಿತು. ಆಮೇಲೆ 700ಕ್ಕೆ ವಾಪಸ್ ಬಂದಾಗ 80ಕ್ಕಿಂತ ಕೆಳಗೆ ಇಳಿಯಲಿಲ್ಲ.

## ಹೆಜ್ಜೆ 3: ಊಹೆ, ಒಂದು ಪುಟದಲ್ಲಿ

ಈಗ ಊಹೆಗೆ ಬರೋಣ. ಮೊದಲೇ ಹೇಳಿಬಿಡುತ್ತೇನೆ, ಎಲ್ಲ ಪದಕ್ಕೂ ನಿಂತು ಊಹಿಸುವುದಲ್ಲ. ಮುಕ್ಕಾಲು ಪದಗಳನ್ನು ಹಾರಿಸಿಕೊಂಡೇ ಹೋಗಬೇಕು. ಹೂದಾನಿಯಲ್ಲಿ ಡ್ಯಾಫೊಡಿಲ್ ಇಟ್ಟಳು ಅಂತ ಬಂದರೆ ಅದು ಯಾವುದೋ ಹೂವು, ಮುಂದೆ ನಡಿ. ನಾವು ಕನ್ನಡ ಓದುವಾಗಲೂ ಮಾಡುವುದು ಇದನ್ನೇ. ಮೈಸೂರು ಕಡೆಯವರು ಧಾರವಾಡದ ಮಾತಿನ ಕಥೆ ಓದುವಾಗ ಖರೇ, ಚಲೋ, ಹೊಳ್ಳಿ ಅಂತ ಬಂದರೆ ನಿಘಂಟು ಹುಡುಕುವುದಿಲ್ಲ.

ನಿಂತು ಊಹಿಸುವ ಅಭ್ಯಾಸ ದಿನಕ್ಕೆ ಎರಡು ಮೂರು ಪದಕ್ಕೆ ಸಾಕು. ಅದೂ 20 ನಿಮಿಷದ ಓದು ಮುಗಿದ ಮೇಲೆ, ಚುಕ್ಕೆ ಇಟ್ಟ ಕಡೆ ಹಿಂದಿರುಗಿ.

ಅವಳು ಓದಿದಂಥ ಒಂದು ತುಣುಕನ್ನು ನನ್ನ ಮಾತಿನಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಅವಳಿಗೆ ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

"ಮಳೆ ಸುರಿಯುತ್ತಿತ್ತು. ರಾತ್ರಿ ಹತ್ತಕ್ಕೆ ಒಬ್ಬ ಮುದುಕ ಹೋಟೆಲಿನ ಬಾಗಿಲು ತೆರೆದು ಒಳಗೆ ಬಂದ. ಅವನ ಕೋಟು *ಶ್ಯಾಬಿ* ಆಗಿತ್ತು, ಆದರೆ ಶೂ ಹೊಸದು, ದುಬಾರಿಯದು. ಕೌಂಟರಿನ ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. 'ದುಡ್ಡು ಮೊದಲೇ ಕೊಡಬೇಕು' ಅಂದಳು. ಮುದುಕ *ಗ್ರಂಬಲ್ಡ್*, ಆದರೂ ಎಣಿಸಿ ಕೊಟ್ಟ. ಆಮೇಲೆ *ಕೇಸ್* ಎತ್ತಿಕೊಂಡು ಮೆಟ್ಟಿಲು ಹತ್ತಿದ."

ಪಾಲ್ ನೇಷನ್ ಮತ್ತು ಅವರ ಜೊತೆಯವರು ಕಲಿಸುವ ಕ್ರಮ ಇದು. ಮೊದಲು ಆ ಪದ ಯಾವ ಜಾತಿಯದು ನೋಡು: ಹೆಸರೋ, ಕೆಲಸವೋ, ಗುಣವೋ. ಆಮೇಲೆ ಅದೇ ವಾಕ್ಯದಲ್ಲಿ ಅದರ ಅಕ್ಕಪಕ್ಕ ಏನಿದೆ ನೋಡು. ಆಮೇಲೆ ಹಿಂದಿನ ಮುಂದಿನ ವಾಕ್ಯಕ್ಕೆ ಏನು ಸಂಬಂಧ ನೋಡು. ಈಗ ಊಹಿಸು. ಕೊನೆಗೆ ಊಹೆಯನ್ನು ಆ ಜಾಗದಲ್ಲಿ ಕೂರಿಸಿ ಪರೀಕ್ಷೆ ಮಾಡು.

*ಶ್ಯಾಬಿ* ತಗೊಳ್ಳಿ. ಕೋಟು ಹೇಗಿತ್ತು ಅಂತ ಹೇಳುವ ಪದ, ಅಂದರೆ ಗುಣ. ಅಕ್ಕಪಕ್ಕ ಇರುವ ದೊಡ್ಡ ಸುಳಿವು ಆದರೆ ಅನ್ನುವ ಪದ. ಆದರೆ ಬಂತು ಅಂದರೆ ಅದರ ಎರಡು ಕಡೆ ಎದುರು ಬದುರು ಸಂಗತಿಗಳಿರುತ್ತವೆ. ಆ ಕಡೆ ಹೊಸದು, ದುಬಾರಿ. ಹಾಗಾದರೆ ಈ ಕಡೆ ಹಳೆಯದು, ಅಗ್ಗದ್ದು, ಹರಿದದ್ದು, ಇಂಥದ್ದೇನೋ. ಮುಂದಿನ ವಾಕ್ಯವೂ ಸಾಕ್ಷಿ ಹೇಳುತ್ತದೆ: ಹುಡುಗಿ ಮೇಲಿಂದ ಕೆಳಗೆ ನೋಡಿ ದುಡ್ಡು ಮೊದಲೇ ಕೇಳಿದಳು, ಅವನು ಬಡವನ ಹಾಗೆ ಕಂಡಿರಬೇಕು. ಅವಳು "ಹಳೇದಾಗಿ ಹಾಳಾದ" ಅಂತ ಬರೆದಳು. ಸರಿಯಾಗಿ ಹಿಡಿದಿದ್ದಳು.

*ಗ್ರಂಬಲ್ಡ್* ಕೊನೆಯಲ್ಲಿ ಡ್ ಇದೆ, ಮುದುಕ ಮಾಡಿದ ಕೆಲಸ. ಆದರೂ ಕೊಟ್ಟ ಅಂತ ಇದೆ, ಅಂದರೆ ಕೊಡಲು ಮನಸ್ಸಿರಲಿಲ್ಲ. ಅವಳು "ಬೇಡ ಅಂದ" ಅಂತ ಬರೆದಳು. ಸರಿಯಾದದ್ದು ಗೊಣಗಿದ. ಇದು ಅರೆಬೆಂದ ಊಹೆ, ಆದರೆ ತಪ್ಪಲ್ಲ. ಮುದುಕನಿಗೆ ಇಷ್ಟವಿರಲಿಲ್ಲ ಅನ್ನುವುದು ಸಿಕ್ಕಿದೆ, ಕಥೆ ನಿಲ್ಲಲಿಲ್ಲ. ಇದೇ ಪದ ಇನ್ನೆರಡು ಕಡೆ ಬಂದಾಗ, ಒಮ್ಮೆ ಊಟ ಸರಿಯಿಲ್ಲ ಅಂತ, ಒಮ್ಮೆ ಬಸ್ಸು ತಡ ಅಂತ, ಉಳಿದರ್ಧ ತಾನೇ ಬೇಯುತ್ತದೆ. ಮೊದಲ ಸಲವೇ ಪೂರ್ತಿ ಅರ್ಥ ಬೇಕು ಅಂತ ಹಟ ಹಿಡಿದವರೇ ಡಿಕ್ಷನರಿಗೆ ಓಡುವುದು.

*ಕೇಸ್* ನಲ್ಲಿ ಅವಳು ಚುಕ್ಕೆಯನ್ನೇ ಇಟ್ಟಿರಲಿಲ್ಲ. ನಾನು ಕೇಳಿದಾಗ ಹೇಳಿದ್ದು: "ಅವನ ಮೇಲೆ ಕೇಸ್ ಇದೆ ಅಕ್ಕಾ, ಪೊಲೀಸರಿಂದ ತಪ್ಪಿಸಿಕೊಂಡು ಬಂದಿದ್ದಾನೆ." ಹತ್ತು ಪುಟ ಅದೇ ನಂಬಿಕೆಯಲ್ಲಿ ಓದಿದ್ದಳು. ಪೊಲೀಸರು ಯಾಕೆ ಇನ್ನೂ ಬರಲಿಲ್ಲ ಅಂತ ಕಾಯುತ್ತಿದ್ದಳು. ಮುದುಕ ಎತ್ತಿಕೊಂಡದ್ದು ಸೂಟ್‌ಕೇಸು.

## ಗೊತ್ತಿದೆ ಅನ್ನಿಸುವ ಪದಗಳು

ಗೊತ್ತಿಲ್ಲದ ಪದಕ್ಕಿಂತ ಹೀಗೆ ಗೊತ್ತಿದೆ ಅನ್ನಿಸುವ ಪದ ಜಾಸ್ತಿ ದಾರಿ ತಪ್ಪಿಸುತ್ತದೆ. ನಮಗೆ ಇದು ಇನ್ನೂ ಹೆಚ್ಚು, ಯಾಕೆಂದರೆ ನೂರಾರು ಇಂಗ್ಲಿಷ್ ಪದ ಕನ್ನಡದೊಳಗೆ ಬಂದು ಬೇರೆ ಸಂಸಾರ ಹೂಡಿವೆ. ಕರೆಂಟ್ ಅಂದರೆ ನಮಗೆ ವಿದ್ಯುತ್ತು. ಕಥೆಯಲ್ಲಿ ದೋಣಿಯನ್ನು ಕರೆಂಟ್ ಎಳೆದುಕೊಂಡು ಹೋಯಿತು ಅಂದರೆ ಅದು ನದಿಯ ಸೆಳೆತ. ಬ್ಯಾಂಕಿನ ಮೇಲೆ ಕುಳಿತು ಮೀನು ಹಿಡಿದರು ಅಂದರೆ ಅದು ನದಿಯ ದಡ. ನಮ್ಮ ಹೋಟೆಲಿನಲ್ಲಿ ಇಡ್ಲಿ ಸಿಗುತ್ತದೆ, ಅವರ ಹೋಟೆಲಿನಲ್ಲಿ ಮುಖ್ಯವಾಗಿ ಸಿಗುವುದು ರೂಮು. ಡಿಗ್ರಿ ಮುಗಿಸಿದವರನ್ನು ನಾವು ಪಾಸ್ ಔಟ್ ಆದರು ಅನ್ನುತ್ತೇವೆ. ಕಥೆಯಲ್ಲಿ ಒಬ್ಬಳು ಪಾಸ್ ಔಟ್ ಆದಳು ಅಂದರೆ ನೀರು ಚಿಮುಕಿಸಬೇಕು, ಅವಳಿಗೆ ಎಚ್ಚರ ತಪ್ಪಿದೆ.

ಇದನ್ನು ಹಿಡಿಯುವ ಗುರುತು ಒಂದೇ. ಎಲ್ಲ ಪದವೂ ಗೊತ್ತಿದೆ, ಆದರೂ ವಾಕ್ಯ ವಿಚಿತ್ರವಾಗಿದೆ. ಹಾಗನ್ನಿಸಿದ ಕೂಡಲೇ ಆ ವಾಕ್ಯದ ಅತಿ ಪರಿಚಿತ ಪದದ ಮೇಲೆ ಅನುಮಾನ ಪಡಿ. ಅದಕ್ಕೆ ಅರ್ಥವೇ ಇಲ್ಲ ಅಂದುಕೊಂಡು ಮೊದಲಿಂದ ಊಹಿಸಿ.

ಎರಡನೇ ಬಲೆ, ಪದವನ್ನು ಒಡೆದು ನೋಡುವುದು. ಶಾಲೆಯಲ್ಲಿ ಸಂಧಿ ಬಿಡಿಸಿ ಬಿಡಿಸಿ ನಮಗೆ ಇದರ ಚಟ. ಅನ್‌ಹ್ಯಾಪಿ ಒಡೆದರೆ ಸರಿಯಾಗಿ ಒಡೆಯುತ್ತದೆ. ಇನ್‌ವ್ಯಾಲ್ಯುಬಲ್ ಒಡೆದು ನೋಡಿ: ಬೆಲೆ ಇಲ್ಲದ್ದು ಅನ್ನಿಸುತ್ತದೆ. ನಿಜವಾದ ಅರ್ಥ ಬೆಲೆ ಕಟ್ಟಲಾಗದಷ್ಟು ದೊಡ್ಡದು. ಭಾಷಾ ಸಂಶೋಧಕಿ ಬಟ್ಯಾ ಲೌಫರ್ ಇಂಥ ಪದಗಳ ಬಗ್ಗೆ ಬಹಳ ಬರೆದಿದ್ದಾರೆ. ಔಟ್‌ಲೈನ್ ಅನ್ನು ಸಾಲಿನಿಂದ ಹೊರಗೆ ಅಂತ ಓದಿಕೊಂಡ ವಿದ್ಯಾರ್ಥಿಗಳ ಉದಾಹರಣೆ ಅವರದ್ದೇ. ಮೊದಲೇ ಒಡೆದರೆ ಆ ತಪ್ಪು ಅರ್ಥ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಇಡೀ ವಾಕ್ಯವನ್ನೇ ಅದಕ್ಕೆ ತಕ್ಕಂತೆ ಬಗ್ಗಿಸುತ್ತೇವೆ. ಆದ್ದರಿಂದ ಒಡೆಯುವುದು ಕೊನೆಯ ಹೆಜ್ಜೆಯಲ್ಲಿ, ಊಹೆ ಆದ ಮೇಲೆ, ತಾಳೆ ನೋಡಲು ಮಾತ್ರ.

ಕೆಲವು ಕಡೆ ಪುಟ ಏನೂ ಸುಳಿವು ಕೊಡುವುದಿಲ್ಲ. ಅವನು ಮನೆಗೆ ಬಂದಾಗ ಹೀಗಿದ್ದ ಅಂತ ಒಂದು ಪದ ಇದೆ, ಅಷ್ಟೇ. ದಣಿದಿರಬಹುದು, ಖುಷಿಯಾಗಿರಬಹುದು, ಕುಡಿದಿರಬಹುದು. ಮೂರು ಅರ್ಥವೂ ಕೂರುತ್ತವೆ ಅಂದರೆ ಅದು ಊಹೆ ಅಲ್ಲ, ಕಣಿ. ಬಿಟ್ಟು ಮುಂದೆ ಹೋಗಿ.

## ಡಿಕ್ಷನರಿ ಯಾವಾಗ ತೆರೆಯಬೇಕು

ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ಒಂದು ಪದ ಮೂರು ಸಲವಾದರೂ ಬಂದಿರಬೇಕು, ಊಹೆ ಇನ್ನೂ ಗಟ್ಟಿಯಾಗಿರಬಾರದು, ಕಥೆ ಆ ಪದದ ಮೇಲೆ ನಿಂತಿರಬೇಕು. ಮೂರೂ ಸೇರಿದರೆ ಅಧ್ಯಾಯ ಮುಗಿದ ಮೇಲೆ ನೋಡಿ, ನಡುವೆ ಅಲ್ಲ. ನೋಡುವ ಮುಂಚೆ ನಿಮ್ಮ ಊಹೆ ಬರೆದಿಡಿ. ಬರೆಯದೆ ನೋಡಿದರೆ "ನಾನೂ ಅದನ್ನೇ ಅಂದುಕೊಂಡಿದ್ದೆ" ಅಂತ ಮನಸ್ಸು ಸುಳ್ಳು ಹೇಳುತ್ತದೆ. ಬಹಳ ರೀಡರುಗಳ ಕೊನೆಯಲ್ಲಿ ಚಿಕ್ಕ ಪದಪಟ್ಟಿ ಇರುತ್ತದೆ, ಅಲ್ಲೇ ಸಿಕ್ಕರೆ ಇನ್ನೂ ಒಳ್ಳೆಯದು.

ವಾರದ ಕೊನೆಗೆ ಊಹೆಗಳನ್ನು ಎಣಿಸಿ. ಹತ್ತರಲ್ಲಿ ಆರೇಳು ಸರಿಯೋ ಅರೆ ಸರಿಯೋ ಆಗಿದ್ದರೆ ಮಟ್ಟ ಸರಿಯಾಗಿದೆ. ಮೂರು ನಾಲ್ಕಕ್ಕೆ ಇಳಿದರೆ ಊಹೆಯ ಕೌಶಲವನ್ನು ಬೈಯಬೇಡಿ. ಪುಸ್ತಕ ಬದಲಿಸಿ.

## ಒಂದೇ ಮಟ್ಟದಲ್ಲಿ ಐದು ಪುಸ್ತಕ

ಒಮ್ಮೆ ಸರಿಯಾಗಿ ಊಹಿಸಿದ ಪದ ಮರುವಾರ ಮರೆತುಹೋಗಿರುತ್ತದೆ. ಇದಕ್ಕೆ ಗಾಬರಿ ಬೇಡ, ಎಲ್ಲರಿಗೂ ಹಾಗೇ. ಓದಿನಿಂದ ಒಂದು ಪದ ನಿಲ್ಲಬೇಕಾದರೆ ಅದು ಹತ್ತು ಸಲದ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಿಗಬೇಕಾಗುತ್ತದೆ. ಒಂದು ಪುಸ್ತಕದಲ್ಲಿ ಅಷ್ಟು ಸಲ ಬರುವ ಹೊಸ ಪದ ಕಡಿಮೆ. ಆದರೆ ಒಂದು ಮಟ್ಟದ ಎಲ್ಲ ಪುಸ್ತಕಗಳೂ ಒಂದೇ ಪಟ್ಟಿಯಿಂದ ಪದ ತೆಗೆಯುತ್ತವೆ. ಮುದುಕನ ಕಥೆಯಲ್ಲಿ ಎರಡು ಸಲ ಸಿಕ್ಕ ಪದ ಕಳ್ಳನ ಕಥೆಯಲ್ಲಿ ಮೂರು ಸಲ, ಹಡಗಿನ ಕಥೆಯಲ್ಲಿ ಮತ್ತೆರಡು ಸಲ ಸಿಗುತ್ತದೆ. ಅದಕ್ಕೇ ಒಂದು ಮಟ್ಟದಲ್ಲಿ ಸುಮಾರು ಐದು ಪುಸ್ತಕ ಓದಿ ಮೇಲಕ್ಕೆ ಹೋಗಿ, ಮೇಲಿನ ಮಟ್ಟಗಳಲ್ಲಿ ಇನ್ನಷ್ಟು ಓದಿ ಅಂತ ಹೇಳುವುದು. ಒಂದೊಂದು ಮಟ್ಟದಲ್ಲಿ ಒಂದೊಂದು ಪುಸ್ತಕ ಓದಿ ಓಡಿದವರು 1400ರ ಹತ್ತಿರ ಬಂದು ನಿಂತುಬಿಡುತ್ತಾರೆ.

ನೋಟ್ ಪುಸ್ತಕದಲ್ಲಿ ಇಷ್ಟು ಸಾಕು: ದಿನಾಂಕ, ಪುಸ್ತಕ, ಮಟ್ಟ, ಎಷ್ಟು ನಿಮಿಷ, ಎಷ್ಟು ಪುಟ, ಎರಡು ಊಹೆ. ಸಾರಾಂಶ ಬರೆಯಿರಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಾರಾಂಶ ಬರೆಯಬೇಕು ಅಂತಾದ ದಿನ ನಮ್ಮ ಹುಡುಗಿ ಓದುವುದನ್ನೇ ತಪ್ಪಿಸಿದಳು.

## ಮೆಟ್ಟಿಲು ಮುಗಿದ ಜಾಗ

ಗ್ರೇಡೆಡ್ ರೀಡರ್ 2500 ಪದಕ್ಕೋ, ಕೇಂಬ್ರಿಜ್ ಸರಣಿಯಲ್ಲಿ 3800ಕ್ಕೋ ನಿಲ್ಲುತ್ತದೆ. ಸಾಮಾನ್ಯ ಇಂಗ್ಲಿಷ್ ಕಾದಂಬರಿಯಲ್ಲಿ ನೂರಕ್ಕೆ 98 ಪದ ಗೊತ್ತಿರಬೇಕಾದರೆ ಎಂಟೊಂಬತ್ತು ಸಾವಿರ ಪದ ಬೇಕು ಅಂತ 2006ರಲ್ಲಿ ನೇಷನ್ ಲೆಕ್ಕ ಹಾಕಿದರು. ನಡುವೆ ದೊಡ್ಡ ಹಳ್ಳ. ಅಲ್ಲಿ ನೂರಕ್ಕೆ 98 ತಾನಾಗಿ ಸಿಗುವುದಿಲ್ಲ, ಅದನ್ನು ಬೇರೆ ದಾರಿಯಿಂದ ತರಬೇಕು. ಕನ್ನಡದಲ್ಲಿ ಆಗಲೇ ಓದಿದ ಕಥೆಯ ಇಂಗ್ಲಿಷ್ ಅನುವಾದ ಓದಿದರೆ, ಪದ ಗೊತ್ತಿಲ್ಲದಿದ್ದರೂ ಸಂಗತಿ ಗೊತ್ತಿರುತ್ತದೆ. ಒಬ್ಬರೇ ಲೇಖಕರ ನಾಲ್ಕು ಪುಸ್ತಕ ಸಾಲಾಗಿ ಓದಿದರೆ, ಅವರಿಗೆ ಪ್ರಿಯವಾದ ಪದಗಳು ಎರಡನೇ ಪುಸ್ತಕದಿಂದಲೇ ಪರಿಚಯದವಾಗುತ್ತವೆ. ಕ್ರಿಕೆಟ್ ಹುಚ್ಚಿನವರು ನಿನ್ನೆ ನೋಡಿದ ಮ್ಯಾಚಿನ ವರದಿಯನ್ನು ಇವತ್ತು ಓದಬಹುದು. ಮೂರರಲ್ಲೂ ನಡೆಯುವುದು ಒಂದೇ, ಆರಿಹೋದ ದೀಪಗಳನ್ನು ಬೇರೆ ಎಣ್ಣೆಯಿಂದ ಹಚ್ಚುವುದು.

ನಮ್ಮ ಹುಡುಗಿ ಇನ್ನೂ ಅಲ್ಲಿಗೆ ಬಂದಿಲ್ಲ. ಈಗ 1000 ಪದದ ಮಟ್ಟದಲ್ಲಿ ನಾಲ್ಕನೇ ಪುಸ್ತಕ, ವೇಗ 110. ಹೋದ ವಾರ ಫೋನ್ ಮಾಡಿದ್ದಳು.

"ಅಕ್ಕಾ, ಇದರಲ್ಲಿ ಒಬ್ಬ ಚೆಸ್ಟ್ ತೆರೆದ ಅಂತ ಇದೆ. ಎದೆ ತೆರೆಯೋದು ಹೇಗೆ ಅಂತ ಅನುಮಾನ ಬಂತು. ಎರಡು ಸಾಲು ಬಿಟ್ಟು ಒಳಗಿಂದ ಹಳೇ ಬಟ್ಟೆ ತೆಗೆದ ಅಂತ ಇದೆ. ಪೆಟ್ಟಿಗೆ ತಾನೇ?"

"ನೋಡಿದ್ಯಾ ಡಿಕ್ಷನರೀಲಿ?"

"ಇಲ್ಲ. ಅಧ್ಯಾಯ ಮುಗಿದಿಲ್ಲ ಇನ್ನೂ."